ಫೋಟೊದಿಂದ ವರ್ಣಚಿತ್ರಕ್ಕೆ: ಡಿನಾಯ್ಸಿಂಗ್ ಸ್ಟ್ರೆಂತ್ ಆಯ್ಕೆಯ ವಿಚಾರ

ಫೋಟೊವೊಂದನ್ನು ತೈಲಚಿತ್ರವಾಗಿಯೋ ಜಲವರ್ಣವಾಗಿಯೋ ಮಾರ್ಪಡಿಸುವ ಡಿಫ್ಯೂಷನ್ ಮಾದರಿಗಳಲ್ಲಿ ಬಳಕೆದಾರರ ಕೈಗೆ ಸಿಗುವ ಮುಖ್ಯ ಹಿಡಿತ ಡಿನಾಯ್ಸಿಂಗ್ ಸ್ಟ್ರೆಂತ್. ಇದು 0ಯಿಂದ 1ರವರೆಗಿನ ಒಂದು ಸಂಖ್ಯೆ. ಶೈಲಿಗೊಂದು ಸಂಖ್ಯೆ ಗೊತ್ತುಮಾಡಿಕೊಳ್ಳುವ ರೂಢಿ ವ್ಯಾಪಕವಾಗಿದೆ. ಆದರೆ ಈ ಸಂಖ್ಯೆಯನ್ನು ನಿರ್ಧರಿಸಬೇಕಾದ್ದು ಶೈಲಿಯ ಹೆಸರಲ್ಲ, ಚಿತ್ರದಲ್ಲಿ ಉಳಿಯಲೇಬೇಕಾದ ಅತಿ ಸಣ್ಣ ವಿವರದ ಗಾತ್ರ ಎಂಬುದು ಈ ಲೇಖನದ ವಾದ.

ಈ ವಿಧಾನದ ತಳಹದಿ 2021ರಲ್ಲಿ ಚೆನ್ಲಿನ್ ಮೆಂಗ್ ಮತ್ತು ಸಂಗಡಿಗರು ಮಂಡಿಸಿದ ಎಸ್‌ಡಿಎಡಿಟ್. ಮೂಲ ಚಿತ್ರಕ್ಕೆ ಒಂದು ಮಟ್ಟದವರೆಗೆ ನಾಯ್ಸ್ ಬೆರೆಸಿ, ಆ ಮಟ್ಟದಿಂದಲೇ ಮಾದರಿಯು ಹಂತಹಂತವಾಗಿ ನಾಯ್ಸ್ ತೆಗೆಯಲು ಬಿಡುವುದು ಅದರ ಕ್ರಮ. ಎಷ್ಟು ಬೆರೆಸಬೇಕೆಂದು ಹೇಳುವುದೇ ಸ್ಟ್ರೆಂತ್.

ಇಲ್ಲಿ ಸುಲಭವಾಗಿ ಒಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ. 0.5 ಎಂದರೆ ಅರ್ಧ ಫೋಟೊ, ಅರ್ಧ ಹೊಸತು ಎಂದಲ್ಲ. 2022ರಲ್ಲಿ ಬಿಡುಗಡೆಯಾದ ಸ್ಟೇಬಲ್ ಡಿಫ್ಯೂಷನ್‌ನ ಮೊದಲ ಆವೃತ್ತಿಗಳ ನಾಯ್ಸ್ ಕ್ರಮವನ್ನು ಲೆಕ್ಕ ಹಾಕಿದರೆ, ಸ್ಟ್ರೆಂತ್ 0.3ರಲ್ಲಿ ಫೋಟೊವನ್ನು ಸುಮಾರು 0.77ರಿಂದಲೂ ನಾಯ್ಸನ್ನು 0.64ರಿಂದಲೂ ಗುಣಿಸಿ ಕೂಡಲಾಗುತ್ತದೆ. 0.5ರಲ್ಲಿ ಇವು 0.53 ಮತ್ತು 0.85. 0.75ಕ್ಕೆ ಬರುವಷ್ಟರಲ್ಲಿ ಫೋಟೊದ ಗುಣಕ 0.24ಕ್ಕೆ ಇಳಿದಿರುತ್ತದೆ. ಅಷ್ಟಾದರೂ ಬೆಟ್ಟ ಬೆಟ್ಟದ ಜಾಗದಲ್ಲೇ ನಿಂತಿರುವುದಕ್ಕೆ ಕಾರಣವಿದೆ. ನೈಸರ್ಗಿಕ ಚಿತ್ರಗಳ ಶಕ್ತಿಯ ಬಹುಪಾಲು ದೊಡ್ಡ ಆಕಾರಗಳಲ್ಲಿ, ವಿಶಾಲವಾದ ಬಣ್ಣದ ಹರವುಗಳಲ್ಲಿ ಇರುತ್ತದೆ. ನಾಯ್ಸ್ ಮಾತ್ರ ಎಲ್ಲ ಗಾತ್ರದ ವಿವರಗಳ ಮೇಲೂ ಒಂದೇ ಸಮ ಬೀಳುತ್ತದೆ. ಆದ್ದರಿಂದ ಮೊದಲು ಮುಳುಗುವುದು ನವುರಾದ ಗೆರೆ, ಕೊನೆಗೆ ಮುಳುಗುವುದು ಆಕಾಶ.

ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಫೋಟೊವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಗಲ 768, ಎತ್ತರ 512 ಪಿಕ್ಸೆಲ್. ರಥದ ಚಕ್ರ 120 ಪಿಕ್ಸೆಲ್‌ನಷ್ಟಿದೆ; ಪಕ್ಕದಲ್ಲಿ ನಿಂತ ಪ್ರವಾಸಿಯ ಮುಖ 40 ಪಿಕ್ಸೆಲ್. ಸ್ಟೇಬಲ್ ಡಿಫ್ಯೂಷನ್ ಪಿಕ್ಸೆಲ್‌ಗಳ ಮೇಲೆ ನೇರವಾಗಿ ಕೆಲಸ ಮಾಡದೆ, ಎರಡೂ ದಿಕ್ಕಿನಲ್ಲಿ ಎಂಟು ಪಟ್ಟು ಕುಗ್ಗಿಸಿದ ಲೇಟೆಂಟ್ ರೂಪದ ಮೇಲೆ ಕೆಲಸ ಮಾಡುತ್ತದೆ. ಅಲ್ಲಿ ಚಕ್ರಕ್ಕೆ 15 ಚೌಕಗಳ ಅಗಲ ಸಿಕ್ಕರೆ ಮುಖಕ್ಕೆ ಸಿಗುವುದು ಐದೇ. 0.35ರ ಆಸುಪಾಸಿನಲ್ಲಿ ಕಲ್ಲಿನ ಮೇಲ್ಮೈ ಮಾತ್ರ ಮೃದುವಾಗುತ್ತದೆ. ನೋಡುವವರಿಗೆ ಅದು ಫಿಲ್ಟರ್ ಹಾಕಿದ ಫೋಟೊ. 0.5ರ ಸುತ್ತ ಕುಂಚದ ಎಳೆತ ಕಾಣತೊಡಗುತ್ತದೆ, ಚಕ್ರ ಉಳಿಯುತ್ತದೆ, ಮುಖ ಬೇರೆಯವರದಾಗುತ್ತದೆ. 0.7 ದಾಟಿದರೆ ರಥದ ಹೊರರೂಪ ಇರುತ್ತದೆ, ಆದರೆ ಮುಂದಿನ ಆನೆಗಳು ಕುದುರೆಗಳಾಗಿಬಿಡಬಹುದು, ಏಕೆಂದರೆ ರಥವೆಂದ ಕೂಡಲೇ ಮಾದರಿ ಊಹಿಸುವುದು ಕುದುರೆಗಳನ್ನು. ಸ್ಮಾರಕದ ಚಿತ್ರಕ್ಕೆ ಇದು ಅಲಂಕಾರದ ದೋಷವಲ್ಲ, ಸಂಗತಿಯ ದೋಷ.

ಮುಖ ಕೆಟ್ಟಾಗ ಸ್ಟ್ರೆಂತನ್ನೇ ದೂರುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಫೋಟೊಗೆ ನಾಯ್ಸ್ ಬೆರೆಸದೆ, ಲೇಟೆಂಟ್ ರೂಪಕ್ಕೆ ಇಳಿಸಿ ಮತ್ತೆ ಚಿತ್ರವಾಗಿಸಿ ನೋಡಬೇಕು. ಅಲ್ಲಿಯೇ ಕಣ್ಣು, ಬಾಯಿ ಕಲಸಿಹೋಗಿದ್ದರೆ ಯಾವ ಸಂಖ್ಯೆಯೂ ಅವನ್ನು ಉಳಿಸದು. ಆಗ ಫೋಟೊವನ್ನು ಹಿಗ್ಗಿಸಬೇಕು, ಇಲ್ಲವೇ ಮುಖದ ಭಾಗವನ್ನು ಕತ್ತರಿಸಿ ಬೇರೆಯಾಗಿ ಚಿತ್ರಿಸಿ ಸೇರಿಸಬೇಕು. ಹಿಗ್ಗಿಸಿದ ಚಿತ್ರದಲ್ಲಿ ಅದೇ ಸ್ಟ್ರೆಂತ್ ಕಡಿಮೆ ಹಾನಿ ಮಾಡುತ್ತದೆ ಎಂಬುದೂ ನೆನಪಿರಲಿ.

ಇನ್ನೊಂದು ತೊಡಕು ಹಂತಗಳ ಲೆಕ್ಕದ್ದು. ಡಿಫ್ಯೂಸರ್ಸ್ ಗ್ರಂಥಾಲಯದಲ್ಲಿ ನಿಜವಾಗಿ ನಡೆಯುವ ಹಂತಗಳು ಹೀಗೆ ನಿಗದಿಯಾಗುತ್ತವೆ:

```
int(num_inference_steps * strength)
```

30 ಹಂತ ಕೇಳಿ ಸ್ಟ್ರೆಂತ್ 0.3 ಇಟ್ಟರೆ ಓಡುವುದು 9 ಮಾತ್ರ. ಚಿತ್ರ ಅರೆಬರೆಯಾಗಿ ಕಂಡರೆ ತಪ್ಪು ಕಡಿಮೆ ಸ್ಟ್ರೆಂತ್‌ನದೋ ಕಡಿಮೆ ಹಂತಗಳದೋ ತಿಳಿಯುವುದಿಲ್ಲ. ಸೀಡ್ ಬದಲಿಸದೆ, ಹಂತಗಳನ್ನು ಹೆಚ್ಚಿಸಿ ನೋಡಿದರೆ ಎರಡೂ ಬೇರ್ಪಡುತ್ತವೆ.

ಜಲವರ್ಣದ ಸಮಸ್ಯೆ ಇದಕ್ಕಿಂತ ಆಳವಾದದ್ದು. ಅದರ ಜೀವಾಳ ಬಣ್ಣ ತಾಗದೆ ಉಳಿದ ಬಿಳಿ ಕಾಗದ. ಮಧ್ಯಾಹ್ನದ ಗಾಢ ನೀಲಿ ಆಕಾಶವನ್ನು ಬಿಳಿಯಾಗಿಸುವುದೆಂದರೆ ದೊಡ್ಡ ಹರವೊಂದನ್ನೇ ಬದಲಿಸಿದಂತೆ, ಮತ್ತು ಅದೇ ಕೊನೆಗೆ ಮುಳುಗುವ ಭಾಗ. ಪ್ರಾಂಪ್ಟ್‌ನಲ್ಲಿ ಜಲವರ್ಣವೆಂದು ಎಷ್ಟು ಒತ್ತಿ ಬರೆದರೂ 0.5ರಲ್ಲಿ ಆಕಾಶ ನೀಲಿಯಾಗಿಯೇ ಉಳಿಯುತ್ತದೆ. ಅದಕ್ಕಾಗಿ 0.75ಕ್ಕೆ ಏರಿಸಿದರೆ ರಥದ ಕೆತ್ತನೆ ಬಲಿಯಾಗುತ್ತದೆ. ಸರಿಯಾದ ದಾರಿ ಫೋಟೊವನ್ನೇ ಮೊದಲು ತಿದ್ದುವುದು: ಆಕಾಶವನ್ನು ತಿಳಿಯಾಗಿಸಿ, ನೆರಳುಗಳನ್ನು ಎತ್ತಿ, ಅಂಚುಗಳತ್ತ ಬಿಳಿ ಬಿಟ್ಟು, ಆಮೇಲೆ 0.5ರಲ್ಲಿ ನಡೆಸುವುದು. ಎಸ್‌ಡಿಎಡಿಟ್ ಕೂಡ ಒರಟು ಬಣ್ಣದ ಗೀಟುಗಳಿಂದಲೇ ಚಿತ್ರ ಹೊರಡಿಸಿ ತೋರಿಸಿತ್ತು. ಬಣ್ಣದ ಹಂಚಿಕೆಯನ್ನು ಕೊಡುವವರು ಮನುಷ್ಯರು, ಮೇಲ್ಮೈ ತುಂಬುವುದು ಮಾದರಿ.

2023ರಲ್ಲಿ ಬಂದ ಕಂಟ್ರೋಲ್‌ನೆಟ್ ಅಂಚಿನ ಗೆರೆಗಳನ್ನು ಬೇರೆ ದಾರಿಯಲ್ಲಿ ಮಾದರಿಗೆ ಒದಗಿಸುವುದರಿಂದ ಹೆಚ್ಚಿನ ಸ್ಟ್ರೆಂತ್‌ನಲ್ಲೂ ಕೆತ್ತನೆಯ ಆಕಾರ ನಿಲ್ಲುತ್ತದೆ. ಆದರೆ ಗೆರೆಯಾಗಿ ಗುರುತಾಗದ ಸವೆದ ಶಿಲ್ಪಕ್ಕೆ ಅದೂ ನೆರವಾಗದು. ಪಾರಂಪರಿಕ ಸ್ಮಾರಕಗಳ ಇಂಥ ಚಿತ್ರಗಳನ್ನು ಪ್ರಕಟಿಸುವವರು ಮಾದರಿಯ ಹೆಸರು, ಸ್ಟ್ರೆಂತ್, ಹಂತಗಳು ಮತ್ತು ಸೀಡನ್ನು ಚಿತ್ರದ ಅಡಿಬರಹದಲ್ಲೇ ನಮೂದಿಸಿ, ಮೂಲ ಫೋಟೊವನ್ನೂ ಜೊತೆಗೆ ಕೊಡಬೇಕು.