ರಾಜಿ ಒಪ್ಪಂದ ಮತ್ತು ಹಕ್ಕುಕೇಳಿಕೆಯ ಬಿಡುಗಡೆ

ರಾಜಿ ಒಪ್ಪಂದವೆಂದರೆ ವ್ಯಾಜ್ಯದಲ್ಲಿರುವ ಕಕ್ಷಿಗಳು ತಮ್ಮ ವಿವಾದವನ್ನು ನ್ಯಾಯಾಲಯದ ತೀರ್ಪಿಗೆ ಕಾಯದೆ ಪರಸ್ಪರ ಒಪ್ಪಿಗೆಯಿಂದ ಮುಗಿಸಿಕೊಳ್ಳುವ ಕರಾರು. ಒಂದು ಕಕ್ಷಿಯು ಮತ್ತೊಂದರ ವಿರುದ್ಧ ತನಗಿರುವ ಹಕ್ಕುಕೇಳಿಕೆಯನ್ನು (ಕ್ಲೇಮು) ಶಾಶ್ವತವಾಗಿ ಬಿಟ್ಟುಕೊಡುವ ಷರತ್ತಿಗೆ ಬಿಡುಗಡೆ ಎಂದು ಹೆಸರು. ರಾಜಿಯಲ್ಲಿ ಹಣ ಕೊಡುವ ಕಕ್ಷಿಯು ನಿಜವಾಗಿ ಕೊಳ್ಳುವುದು ಈ ಬಿಡುಗಡೆಯನ್ನೇ. ಅದರ ಪದರಚನೆ ಸಡಿಲವಾಗಿದ್ದರೆ ಹಣ ಸಂದಾಯವಾದ ಮೇಲೂ ಅದೇ ವ್ಯವಹಾರದಿಂದ ಹೊಸ ದಾವೆ ಹುಟ್ಟಬಹುದು. ಈ ಲೇಖನವು ಭಾರತದಲ್ಲಿ ಕರಾರಿನಿಂದ ಉಂಟಾಗುವ ಹಣದ ವ್ಯಾಜ್ಯಗಳ ರಾಜಿಯನ್ನು ಕುರಿತದ್ದು. ಕುಟುಂಬದ ಸ್ವತ್ತಿನಲ್ಲಿರುವ ಪಾಲನ್ನು ಬಿಟ್ಟುಕೊಡುವ ನೋಂದಾಯಿತ ಹಕ್ಕುಬಿಡುಗಡೆ ಪತ್ರವು ಇದಕ್ಕಿಂತ ಬೇರೆಯಾದ ದಸ್ತಾವೇಜು.

## ಕಾನೂನಿನ ಆಧಾರ

ಭಾರತೀಯ ಕರಾರು ಅಧಿನಿಯಮ, 1872ರ 63ನೆಯ ಕಲಂ ಪ್ರಕಾರ, ವಾಗ್ದಾನ ಪಡೆದವನು ಅದರ ಪಾಲನೆಯನ್ನು ಪೂರ್ತಿಯಾಗಿ ಅಥವಾ ಭಾಗಶಃ ಬಿಟ್ಟುಕೊಡಬಹುದು, ಇಲ್ಲವೆ ಅದಕ್ಕೆ ಬದಲಾಗಿ ತನಗೆ ಒಪ್ಪಿಗೆಯಾದ ಬೇರೇನನ್ನಾದರೂ ಸ್ವೀಕರಿಸಬಹುದು. ಕಲಮಿಗೆ ಕೊಟ್ಟಿರುವ ದೃಷ್ಟಾಂತವೊಂದರಲ್ಲಿ 5,000 ರೂಪಾಯಿಯ ಸಾಲಕ್ಕೆ 2,000 ರೂಪಾಯಿಯನ್ನು ಪೂರ್ಣ ತೃಪ್ತಿಯಾಗಿ ಸ್ವೀಕರಿಸಿದಾಗ ಇಡೀ ಸಾಲ ತೀರುತ್ತದೆ. 62ನೆಯ ಕಲಂ ಹಳೆಯ ಕರಾರಿನ ಜಾಗದಲ್ಲಿ ಹೊಸ ಕರಾರನ್ನು ತಂದು ನಿಲ್ಲಿಸಲು ಅವಕಾಶ ಕೊಡುತ್ತದೆ.

ಈ ಎರಡರ ನಡುವಿನ ಭೇದ ಮುಖ್ಯವಾದುದು. ರಾಜಿಪತ್ರಕ್ಕೆ ಸಹಿ ಬಿದ್ದ ಕ್ಷಣದಲ್ಲಿಯೇ ಹಳೆಯ ಹಕ್ಕು ಅಳಿಯುತ್ತದೆಯೋ ಅಥವಾ ರಾಜಿಯ ಹಣ ಕೈಸೇರಿದ ಮೇಲೆ ಅಳಿಯುತ್ತದೆಯೋ ಎಂಬುದನ್ನು ಪತ್ರದ ಪದಗಳೇ ನಿರ್ಧರಿಸುತ್ತವೆ.

## ‘ಪೂರ್ಣ ಮತ್ತು ಅಂತಿಮ’ ಎಂಬ ಪದಗಳ ಮಿತಿ

ಬಹುಪಾಲು ರಾಜಿಪತ್ರಗಳಲ್ಲಿ ‘ಎಲ್ಲ ಹಕ್ಕುಗಳ ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ವಾಕ್ಯವಿರುತ್ತದೆ. ಸಹಿ ಮಾಡುವಾಗ ಯಾರಿಗೂ ತಿಳಿದಿರದ ಹಕ್ಕನ್ನು ಈ ವಾಕ್ಯ ಒಳಗೊಳ್ಳುತ್ತದೆಯೇ ಎಂಬ ಪ್ರಶ್ನೆಯು ಬ್ಯಾಂಕ್ ಆಫ್ ಕ್ರೆಡಿಟ್ ಅಂಡ್ ಕಾಮರ್ಸ್ ಇಂಟರ್‌ನ್ಯಾಷನಲ್ ವಿರುದ್ಧ ಅಲಿ ಪ್ರಕರಣದಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದಿತು. 1990ರಲ್ಲಿ ಕೆಲಸದಿಂದ ಬಿಡುಗಡೆಗೊಂಡ ಉದ್ಯೋಗಿಯೊಬ್ಬರು ಪರಿಹಾರ ಪಡೆದು, ಇರುವ ಅಥವಾ ಇರಬಹುದಾದ ಎಲ್ಲ ಬಗೆಯ ಹಕ್ಕುಕೇಳಿಕೆಗಳನ್ನು ಬಿಟ್ಟುಕೊಟ್ಟಿರುವುದಾಗಿ ಬರೆದುಕೊಟ್ಟಿದ್ದರು. 1991ರಲ್ಲಿ ಬ್ಯಾಂಕ್ ಕುಸಿದುಬಿದ್ದು ಅದರ ವಂಚನೆಗಳು ಬಯಲಾದವು. ಅಂಥ ಬ್ಯಾಂಕಿನಲ್ಲಿ ಕೆಲಸ ಮಾಡಿದ ಕಳಂಕದಿಂದ ಬೇರೆ ಉದ್ಯೋಗ ಸಿಗಲಿಲ್ಲವೆಂದು ಹಳೆಯ ನೌಕರರು ಪರಿಹಾರ ಕೇಳಿದರು. ಕಳಂಕಕ್ಕಾಗಿ ಪರಿಹಾರ ಕೇಳಬಹುದೆಂಬುದನ್ನು ಹೌಸ್ ಆಫ್ ಲಾರ್ಡ್ಸ್ ಮೊದಲು ಒಪ್ಪಿದ್ದೇ 1997ರಲ್ಲಿ.

2001ರ ತೀರ್ಪಿನಲ್ಲಿ ಬಹುಮತದ ನ್ಯಾಯಾಧೀಶರು ಆ ಬಿಡುಗಡೆ ಪತ್ರವು ಕಳಂಕದ ಹಕ್ಕನ್ನು ಒಳಗೊಳ್ಳುವುದಿಲ್ಲವೆಂದರು. ತನಗೆ ತಿಳಿಯದ ಹಕ್ಕನ್ನೂ ಒಬ್ಬನು ಬಿಟ್ಟುಕೊಡಲು ಅಡ್ಡಿಯಿಲ್ಲ. ಆದರೆ ಅಂಥ ಉದ್ದೇಶವಿತ್ತೆಂದು ಹೇಳಲು ಸ್ಪಷ್ಟವಾದ ಮಾತು ಬೇಕು ಎಂಬುದು ಅವರ ನಿಲುವು. ಲಾರ್ಡ್ ಹಾಫ್‌ಮನ್ ಭಿನ್ನಮತ ದಾಖಲಿಸಿದರು. ಭಾರತದ ನ್ಯಾಯಾಲಯಗಳಿಗೆ ಈ ತೀರ್ಪು ಬಂಧಕವಲ್ಲ, ಆದರೆ ಮಾರ್ಗದರ್ಶಕವಾಗಬಲ್ಲದು. ಕ್ಯಾಲಿಫೋರ್ನಿಯಾದ ಸಿವಿಲ್ ಸಂಹಿತೆಯ 1542ನೆಯ ಕಲಮು ಇದೇ ಎಚ್ಚರವನ್ನು ಶಾಸನದಲ್ಲಿಯೇ ಇರಿಸಿದೆ. ಆದ್ದರಿಂದ ಅಲ್ಲಿನ ರಾಜಿಪತ್ರಗಳಲ್ಲಿ ಆ ಕಲಮಿನ ರಕ್ಷಣೆಯನ್ನು ಹೆಸರಿಸಿಯೇ ಬಿಟ್ಟುಕೊಡುವ ರೂಢಿಯಿದೆ.

## ಉದಾಹರಣೆಯ ಮೂಲಕ ಪದರಚನೆ

ಮುಂದಿನದು ವಿವರಣೆಗಾಗಿ ಕಲ್ಪಿಸಿದ ಪ್ರಸಂಗ. ಹುಬ್ಬಳ್ಳಿಯಲ್ಲಿ ಇಬ್ಬರು ಸಹೋದರರು ಜಂಟಿಯಾಗಿ ಗೋದಾಮೊಂದನ್ನು ಕಟ್ಟಿಸುತ್ತಾರೆ. ಕಟ್ಟಿದ ಗುತ್ತಿಗೆದಾರರು ಒಂದು ಪಾಲುದಾರಿಕೆ ಸಂಸ್ಥೆ. ಸಂಸ್ಥೆಯು 18 ಲಕ್ಷ ರೂಪಾಯಿ ಬಾಕಿಯೆಂದು ದಾವೆ ಹೂಡುತ್ತದೆ. ನೆಲದ ಕಾಂಕ್ರೀಟ್ ಬಿರುಕುಬಿಟ್ಟಿದೆಯೆಂದು ಸಹೋದರರು 5 ಲಕ್ಷ ರೂಪಾಯಿಯ ಪ್ರತಿಹಕ್ಕು ಮಂಡಿಸುತ್ತಾರೆ. ಸಹೋದರರು ಕೊಟ್ಟಿದ್ದ 4 ಲಕ್ಷ ರೂಪಾಯಿಯ ಚೆಕ್ಕು ಅಮಾನ್ಯವಾದ ಬಗ್ಗೆ ಪ್ರತ್ಯೇಕ ಕ್ರಿಮಿನಲ್ ದೂರೂ ಇದೆ. ಕೊನೆಗೆ ಮೂರು ಕಂತುಗಳಲ್ಲಿ 12 ಲಕ್ಷ ರೂಪಾಯಿಗೆ ರಾಜಿಯಾಗುತ್ತದೆ.

### ಯಾವ ವಿವಾದ

‘ದಾವೆಯಲ್ಲಿನ ವಿವಾದ ಮುಗಿದಿದೆ’ ಎಂದಷ್ಟೇ ಬರೆದರೆ ದಾವೆಯಲ್ಲಿ ಕೇಳದ ಹೆಚ್ಚುವರಿ ಕೆಲಸದ ಬಿಲ್ಲು, ಹಿಡಿದಿಟ್ಟ ಭದ್ರತಾ ಠೇವಣಿ ಮತ್ತು ವಿಳಂಬದ ಬಡ್ಡಿ ಹೊರಗೆ ಉಳಿಯಿತೆಂದು ಮುಂದೆ ವಾದಿಸಲು ಎಡೆಯಾಗುತ್ತದೆ. ಆದ್ದರಿಂದ ಬಿಡುಗಡೆಯನ್ನು ದಾವೆಯ ಸಂಖ್ಯೆಗೆ ಸೀಮಿತಗೊಳಿಸದೆ ವ್ಯವಹಾರಕ್ಕೆ ಜೋಡಿಸುವುದು ರೂಢಿ: ‘ಇಂಥ ದಿನಾಂಕದ ನಿರ್ಮಾಣ ಕರಾರಿನಿಂದ, ಅದರಡಿ ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸದಿಂದ ಹುಟ್ಟಿದ, ದಾವೆಯಲ್ಲಿ ಕೇಳಲಾಗಿರುವ ಮತ್ತು ಕೇಳಬಹುದಾಗಿದ್ದ ಎಲ್ಲ ಹಕ್ಕುಕೇಳಿಕೆಗಳು’. ಎರಡೂ ಕಡೆಯವರು ಬಿಟ್ಟುಕೊಡುತ್ತಾರೆಂದು ಪ್ರತ್ಯೇಕವಾಗಿ ಹೇಳದಿದ್ದರೆ ಸಹೋದರರ 5 ಲಕ್ಷದ ಪ್ರತಿಹಕ್ಕು ಜೀವಂತವಾಗಿ ಉಳಿಯುವ ಅಪಾಯವಿದೆ. 12 ಲಕ್ಷದಲ್ಲಿ ಜಿಎಸ್‌ಟಿ ಸೇರಿದೆಯೇ, ಮೂಲದಲ್ಲಿ ತೆರಿಗೆ ಕಡಿತ ಮಾಡಬಹುದೇ ಎಂಬುದನ್ನೂ ಬರೆಯಬೇಕಾಗುತ್ತದೆ. ಇಲ್ಲವಾದರೆ ಮೊದಲ ಕಂತಿನಲ್ಲಿಯೇ ಹೊಸ ಜಗಳ ಆರಂಭವಾಗುತ್ತದೆ.

### ತಿಳಿಯದ ಹಕ್ಕುಗಳು

ಎರಡು ವರ್ಷದ ನಂತರ ಗೋದಾಮಿನ ಅಡಿಪಾಯ ಕುಸಿದರೆ ಏನಾಗಬೇಕು? ಸಹಿ ಮಾಡುವ ದಿನ ಈ ದೋಷ ಅಡಗಿತ್ತು, ಆದರೆ ಯಾರಿಗೂ ಕಂಡಿರಲಿಲ್ಲ. ರಾಜಿಯಲ್ಲಿ ಕಕ್ಷಿಗಳ ಹಿತಾಸಕ್ತಿ ಅತಿ ಹೆಚ್ಚು ಬೇರ್ಪಡುವುದು ಇಲ್ಲಿಯೇ. ಪೂರ್ಣ ಅಂತ್ಯ ಬೇಕೆನ್ನುವ ಗುತ್ತಿಗೆದಾರರು ಹೀಗೆ ಬರೆಸಬಹುದು: ‘ಕಕ್ಷಿಗಳಿಗೆ ಈಗ ತಿಳಿದಿರುವ ಅಥವಾ ತಿಳಿಯದಿರುವ, ಅಡಗಿರುವ ದೋಷಗಳನ್ನೂ ಒಳಗೊಂಡ ಎಲ್ಲ ಹಕ್ಕುಕೇಳಿಕೆಗಳು ಈ ಬಿಡುಗಡೆಗೆ ಸೇರಿವೆ, ಮುಂದೆ ಹೊಸ ಸಂಗತಿ ಬೆಳಕಿಗೆ ಬರಬಹುದೆಂಬ ಅಪಾಯವನ್ನು ಅರಿತೇ ಕಕ್ಷಿಗಳು ಸಹಿ ಮಾಡಿದ್ದಾರೆ.’

ಸಹೋದರರು ಆ ಅಪಾಯವನ್ನು ಹೊರಲು ಸಿದ್ಧರಿಲ್ಲದಿದ್ದರೆ ಅಪವಾದವನ್ನು ಅಷ್ಟೇ ಸ್ಪಷ್ಟವಾಗಿ ಬರೆಯುತ್ತಾರೆ: ‘ಅಡಿಪಾಯ ಮತ್ತು ಕಂಬಗಳ ರಚನಾ ದೋಷಕ್ಕೆ ಸಂಬಂಧಿಸಿದ, ಇಂದಿನಿಂದ ಮೂರು ವರ್ಷಗಳೊಳಗೆ ಲಿಖಿತವಾಗಿ ತಿಳಿಸಿದ ಹಕ್ಕುಕೇಳಿಕೆಯನ್ನು ಮಾತ್ರ ಹೊರತುಪಡಿಸಿ’. ಎರಡೂ ಬಗೆಯ ರಾಜಿ ಸಾಧ್ಯ. ಮೊದಲನೆಯದಕ್ಕೆ ಒಪ್ಪುವ ಮಾಲೀಕರು ಸಹಿಗೆ ಮುನ್ನ ಎಂಜಿನಿಯರರಿಂದ ತಪಾಸಣೆ ಮಾಡಿಸುವುದುಂಟು ಮತ್ತು ಕೊಡುವ ಮೊತ್ತವನ್ನು ಅದಕ್ಕೆ ತಕ್ಕಂತೆ ಇಳಿಸಿಕೊಳ್ಳುತ್ತಾರೆ. ಈ ಬಗ್ಗೆ ಮೌನವಾಗಿರುವ ಪತ್ರವೇ ಮುಂದಿನ ದಾವೆಗೆ ಕಾರಣವಾಗುತ್ತದೆ.

### ಯಾರು ಯಾರನ್ನು

ಪಾಲುದಾರಿಕೆ ಅಧಿನಿಯಮ, 1932ರ 19ನೆಯ ಕಲಂ ಪ್ರಕಾರ, ಬೇರೆ ರೂಢಿ ಇಲ್ಲದಿದ್ದರೆ, ಸಂಸ್ಥೆಯ ಹಕ್ಕನ್ನು ರಾಜಿ ಮಾಡಿಕೊಳ್ಳುವ ಅಥವಾ ಬಿಟ್ಟುಕೊಡುವ ಅಧಿಕಾರ ಪಾಲುದಾರನಿಗೆ ತಾನಾಗಿ ಬರುವುದಿಲ್ಲ. ಒಬ್ಬನೇ ಪಾಲುದಾರ ಸಹಿ ಮಾಡಿದರೆ ಉಳಿದವರು ಅದನ್ನು ಪ್ರಶ್ನಿಸಬಹುದು. ಹೀಗಾಗಿ ಎಲ್ಲ ಪಾಲುದಾರರ ಸಹಿ ಅಥವಾ ಲಿಖಿತ ಅಧಿಕಾರಪತ್ರ ಬೇಕಾಗುತ್ತದೆ.

ಮಾಲೀಕರ ಕಡೆಯಲ್ಲಿಯೂ ಇಂಥದೇ ತೊಡಕಿದೆ. ಕರಾರು ಅಧಿನಿಯಮದ 44ನೆಯ ಕಲಂ ಪ್ರಕಾರ ಜಂಟಿ ವಾಗ್ದಾನಿಗಳಲ್ಲಿ ಒಬ್ಬನನ್ನು ಬಿಡುಗಡೆ ಮಾಡಿದರೆ ಇತರರು ಬಿಡುಗಡೆಯಾಗುವುದಿಲ್ಲ. ಬಿಡುಗಡೆ ಪಡೆದವನೂ ಉಳಿದವರಿಗೆ ತನ್ನ ಪಾಲು ಕೊಡುವ ಹೊಣೆಯಿಂದ ಪಾರಾಗುವುದಿಲ್ಲ. ಅಣ್ಣನ ಹೆಸರೊಂದೇ ಇರುವ ಬಿಡುಗಡೆ ಪತ್ರದಿಂದ ತಮ್ಮನ ಮೇಲಿನ ದಾವೆ ಮುಂದುವರಿಯಬಹುದು. ತಮ್ಮ ಕಟ್ಟಬೇಕಾದ ಹಣದ ಪಾಲನ್ನು ಅಣ್ಣನಿಂದ ಕೇಳಬಹುದು. ಇಬ್ಬರನ್ನೂ ಹೆಸರಿಸಿ, ಅವರ ವಾರಸುದಾರರನ್ನೂ ಹಕ್ಕುವರ್ಗಾವಣೆ ಪಡೆದವರನ್ನೂ ಸೇರಿಸುವುದರಿಂದ ಈ ದಾರಿ ಮುಚ್ಚುತ್ತದೆ.

ರಾಜಿಗೆ ಸಹಿ ಮಾಡದ ಮೂರನೆಯವರು, ಉದಾಹರಣೆಗೆ ಕೂಲಿ ಬಾಕಿಯಿರುವ ಕಾರ್ಮಿಕರು, ಅದಕ್ಕೆ ಬದ್ಧರಲ್ಲ. ಅಂಥವರು ಸಹೋದರರಿಂದ ಹಣ ಕೇಳಿದರೆ ಅದನ್ನು ಗುತ್ತಿಗೆದಾರರು ತುಂಬಿಕೊಡಬೇಕೆಂಬ ನಷ್ಟಭರ್ತಿ ಷರತ್ತು ಪ್ರತ್ಯೇಕವಾಗಿ ಬೇಕು.

### ಯಾವಾಗ

‘ಈ ಮೂಲಕ ಬಿಡುಗಡೆ ಮಾಡಲಾಗಿದೆ’ ಎಂಬ ಮಾತಿನಿಂದ ಸಹಿಯ ದಿನವೇ 18 ಲಕ್ಷದ ಹಕ್ಕು ಅಳಿಯಬಹುದು. ಎರಡನೆಯ ಕಂತು ತಪ್ಪಿದರೆ ಗುತ್ತಿಗೆದಾರರು ರಾಜಿಯ ಬಾಕಿಯನ್ನಷ್ಟೇ ಕೇಳಬೇಕಾಗುತ್ತದೆ. ‘ಕೊನೆಯ ಕಂತು ಬ್ಯಾಂಕ್ ಖಾತೆಗೆ ಜಮೆಯಾದ ದಿನ ಬಿಡುಗಡೆ ತಾನಾಗಿ ಜಾರಿಗೆ ಬರುತ್ತದೆ’ ಎಂದು ಬರೆದರೆ ಅಲ್ಲಿಯವರೆಗೆ ಮೂಲ ಹಕ್ಕು ಉಳಿಯುತ್ತದೆ. ಕಂತು ತಪ್ಪಿದರೆ ಎಷ್ಟು ದಿನಗಳ ಗಡುವು, ಎಷ್ಟು ಬಡ್ಡಿ, ಮೂಲ ಮೊತ್ತ ಮರಳಿ ಕೇಳಬಹುದೇ ಎಂಬುದನ್ನೂ ಜತೆಗೆ ಹೇಳಬೇಕು. ಒಪ್ಪಿಕೊಂಡ ಸಾಲದಲ್ಲಿ ಕೊಟ್ಟ ರಿಯಾಯಿತಿಯನ್ನು ಹಿಂಪಡೆಯುವುದು ಒಂದು; ಶಿಕ್ಷೆಯ ರೂಪದ ದೊಡ್ಡ ಮೊತ್ತವನ್ನು ಹೇರುವುದು ಇನ್ನೊಂದು. ಎರಡನೆಯದನ್ನು ನ್ಯಾಯಾಲಯವು 74ನೆಯ ಕಲಮಿನಡಿ ಪರಿಶೀಲಿಸಿ ತಗ್ಗಿಸಬಹುದು.

## ಬಾಕಿ ಇರುವ ಮೊಕದ್ದಮೆಗಳು

ಚೆಕ್ ಅಮಾನ್ಯದ ಅಪರಾಧವು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 147ನೆಯ ಕಲಂ ಪ್ರಕಾರ ರಾಜಿಯಾಗಬಲ್ಲದು. ಆದರೆ ಸಿವಿಲ್ ರಾಜಿಪತ್ರದಿಂದ ಅದು ತಾನಾಗಿ ಮುಕ್ತಾಯವಾಗುವುದಿಲ್ಲ. ಯಾವ ನ್ಯಾಯಾಲಯದಲ್ಲಿ, ಯಾವ ಕಂತಿನ ನಂತರ, ಯಾರು ಅರ್ಜಿ ಸಲ್ಲಿಸಬೇಕೆಂದು ಪತ್ರದಲ್ಲಿ ನಿಗದಿಪಡಿಸಲಾಗುತ್ತದೆ. ಕಾನೂನು ರಾಜಿಗೆ ಅವಕಾಶ ಕೊಡದ ಅಪರಾಧದ ಮೊಕದ್ದಮೆಯನ್ನು ಹಣ ಪಡೆದು ಕೈಬಿಡುವ ಕರಾರು ಮಾತ್ರ ಸಾರ್ವಜನಿಕ ನೀತಿಗೆ ವಿರುದ್ಧವಾಗಿ, 23ನೆಯ ಕಲಮಿನಡಿ ಅಸಿಂಧುವಾಗುತ್ತದೆ.

ದಾವೆ ಬಾಕಿಯಿರುವಾಗ ಆದ ರಾಜಿಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 3ರಡಿ ನ್ಯಾಯಾಲಯದಲ್ಲಿ ದಾಖಲಿಸಿ ಡಿಕ್ರಿ ಪಡೆಯಬಹುದು. ಅದಕ್ಕೆ ರಾಜಿಯು ಲಿಖಿತವಾಗಿದ್ದು ಕಕ್ಷಿಗಳ ಸಹಿ ಹೊಂದಿರಬೇಕು ಮತ್ತು ಕಾನೂನುಬದ್ಧವಾಗಿರಬೇಕು. 1976ರ ತಿದ್ದುಪಡಿಯ ನಂತರ, ಕಕ್ಷಿಗಳಿಗೆ ಸಂಬಂಧಿಸಿದ ಮಟ್ಟಿಗೆ, ದಾವೆಯ ವಿಷಯಕ್ಕೆ ಹೊರತಾದ ಸಂಗತಿಗಳನ್ನೂ ಡಿಕ್ರಿಯಲ್ಲಿ ಸೇರಿಸಬಹುದು. ದಾವೆಯನ್ನು ಸುಮ್ಮನೆ ಹಿಂದಕ್ಕೆ ಪಡೆದರೆ, ಕಂತು ತಪ್ಪಿದಾಗ ಹೊಸ ದಾವೆ ಹೂಡಬೇಕಾಗುತ್ತದೆ. ಡಿಕ್ರಿಯಿದ್ದರೆ ನೇರವಾಗಿ ಜಾರಿ ಅರ್ಜಿ ಸಲ್ಲಿಸಬಹುದು. ರಾಜಿ ಡಿಕ್ರಿಯನ್ನು ರದ್ದುಪಡಿಸಲು ಪ್ರತ್ಯೇಕ ದಾವೆ ಹೂಡುವುದನ್ನು ನಿಯಮ 3ಎ ತಡೆಯುತ್ತದೆ. ರಾಜಿಯೇ ಕಾನೂನುಬದ್ಧವಲ್ಲವೆನ್ನುವ ಕಕ್ಷಿಯು ಡಿಕ್ರಿ ನೀಡಿದ ನ್ಯಾಯಾಲಯದ ಮುಂದೆಯೇ ಹೋಗಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2006ರ ಪುಷ್ಪಾದೇವಿ ಭಗತ್ ಪ್ರಕರಣದಲ್ಲಿ ವಿವರಿಸಿದೆ.

## ಮಿತಿಗಳು

ಎಷ್ಟೇ ವಿಸ್ತಾರವಾಗಿ ಬರೆದರೂ, ವಂಚನೆ, ಒತ್ತಾಯ ಅಥವಾ ಅನುಚಿತ ಪ್ರಭಾವದಿಂದ ಪಡೆದ ಬಿಡುಗಡೆಯನ್ನು ರದ್ದುಪಡಿಸಿಕೊಳ್ಳಬಹುದು. ನ್ಯಾಷನಲ್ ಇನ್ಶೂರೆನ್ಸ್ ವಿರುದ್ಧ ಬೋಘರಾ ಪಾಲಿಫ್ಯಾಬ್ ಪ್ರಕರಣದಲ್ಲಿ (2009) ಸರ್ವೋಚ್ಚ ನ್ಯಾಯಾಲಯವು, ಒಪ್ಪಿದ ಹಣ ಬಿಡುಗಡೆಯಾಗಲು ಮೊದಲೇ ‘ಪೂರ್ಣ ತೃಪ್ತಿ’ಯ ರಸೀದಿಗೆ ಸಹಿ ಮಾಡಿಸಿಕೊಳ್ಳುವ ರೂಢಿಯನ್ನು ಚರ್ಚಿಸಿ, ಆರ್ಥಿಕ ಒತ್ತಡದಿಂದ ಪಡೆದ ರಸೀದಿ ವಿವಾದವನ್ನು ಕೊನೆಗೊಳಿಸುವುದಿಲ್ಲವೆಂದು ಹೇಳಿತು. ಸ್ವಇಚ್ಛೆಯ ರಾಜಿಯಾದರೆ ಮತ್ತೆ ವಿವಾದವೆತ್ತಲಾಗದು ಎಂಬುದೂ ಅದೇ ತೀರ್ಪಿನಲ್ಲಿದೆ. ಈ ಕಾರಣದಿಂದ ಕಕ್ಷಿಗಳು ತಮ್ಮ ವಕೀಲರ ಸಲಹೆ ಪಡೆದಿದ್ದಾರೆ, ಪತ್ರವನ್ನು ತಮಗೆ ತಿಳಿಯುವ ಭಾಷೆಯಲ್ಲಿ ಓದಿ ಅರ್ಥಮಾಡಿಕೊಂಡಿದ್ದಾರೆ ಎಂಬ ಘೋಷಣೆಯನ್ನು ರಾಜಿಪತ್ರದಲ್ಲಿ ಸೇರಿಸುವುದುಂಟು. ಆ ಘೋಷಣೆಗೆ ಬೆಲೆ ಬರುವುದು ಅದು ನಿಜವಾಗಿದ್ದಾಗ ಮಾತ್ರ.

ಅಪ್ರಾಪ್ತ ವಯಸ್ಕರು ಕಕ್ಷಿಯಾಗಿರುವ ದಾವೆಯಲ್ಲಿ ಆದೇಶ 32, ನಿಯಮ 7ರ ಪ್ರಕಾರ ನ್ಯಾಯಾಲಯದ ಅನುಮತಿಯಿಲ್ಲದೆ ಅವರ ಪರವಾಗಿ ಮಾಡಿದ ರಾಜಿಯನ್ನು ಅಪ್ರಾಪ್ತರು ತಳ್ಳಿಹಾಕಬಹುದು. ರಾಜಿಪತ್ರದ ಉಲ್ಲಂಘನೆಯಿಂದ ಹುಟ್ಟುವ ಹಕ್ಕು ಬಿಡುಗಡೆಗೆ ಸೇರುವುದಿಲ್ಲವೆಂಬುದನ್ನು ಪತ್ರದಲ್ಲಿಯೇ ಹೇಳುವುದು ವಾಡಿಕೆ. ಇಲ್ಲವಾದರೆ ಅತಿ ವಿಸ್ತಾರವಾದ ಬಿಡುಗಡೆಯು ರಾಜಿಯ ಕಂತುಗಳನ್ನೂ ನುಂಗಿಬಿಟ್ಟಿತೆಂಬ ವಾದಕ್ಕೆ ಆಸ್ಪದ ಉಳಿಯುತ್ತದೆ.