ಅನಿಲದಲ್ಲಿ ಅಣುಗಳ ಜವದ ವಿತರಣೆ

ಅಣುಜವ ವಿತರಣೆ ಅಥವಾ ಮ್ಯಾಕ್ಸ್‌ವೆಲ್–ಬೋಲ್ಟ್ಸ್‌ಮನ್ ವಿತರಣೆ ಎಂಬುದು, ಒಂದು ನಿರ್ದಿಷ್ಟ ತಾಪದಲ್ಲಿ ಸಮತೋಲನದಲ್ಲಿರುವ ಅನಿಲದ ಅಣುಗಳಲ್ಲಿ ಎಷ್ಟು ಪಾಲು ಯಾವ ಜವದಲ್ಲಿ ಚಲಿಸುತ್ತಿರುತ್ತದೆ ಎಂಬುದನ್ನು ತಿಳಿಸುವ ನಿಯಮ. ಇಲ್ಲಿ ಜವ ಎಂದರೆ ದಿಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪರಿಮಾಣ. ದಿಕ್ಕನ್ನೂ ಒಳಗೊಂಡದ್ದು ವೇಗ. ಈ ವ್ಯತ್ಯಾಸ ಮುಂದಿನ ವಿವರಣೆಗೆ ಅಗತ್ಯವಾದುದು.

ಒಂದು ಪಾತ್ರೆಯಲ್ಲಿರುವ ಅನಿಲದ ಅಣುಗಳು ನಿರಂತರವಾಗಿ ಪರಸ್ಪರ ಡಿಕ್ಕಿ ಹೊಡೆಯುತ್ತಿರುತ್ತವೆ. ಪ್ರತಿ ಡಿಕ್ಕಿಯಲ್ಲಿಯೂ ಒಂದು ಅಣು ಚುರುಕಾಗಬಹುದು, ಇನ್ನೊಂದು ನಿಧಾನವಾಗಬಹುದು. ಆದ್ದರಿಂದ ಯಾವುದೇ ಒಂದು ಅಣುವಿನ ಜವ ಸ್ಥಿರವಾಗಿರುವುದಿಲ್ಲ. ಆದರೆ ಒಟ್ಟು ಅಣುಗಳಲ್ಲಿ ಒಂದು ಜವವ್ಯಾಪ್ತಿಗೆ ಸೇರಿದವುಗಳ ಪಾಲು ಮಾತ್ರ ತಾಪ ಬದಲಾಗದಿರುವವರೆಗೆ ಬದಲಾಗುವುದಿಲ್ಲ.

## ಹಿನ್ನೆಲೆ

ಜರ್ಮನಿಯ ಭೌತವಿಜ್ಞಾನಿ ರುಡಾಲ್ಫ್ ಕ್ಲಾಸಿಯಸ್ 1857ರಲ್ಲಿ ಅನಿಲದ ಅಣುಗಳ ಜವವನ್ನು ಅಂದಾಜಿಸಿದಾಗ, ಎಲ್ಲ ಅಣುಗಳಿಗೂ ಒಂದೇ ಪ್ರಾತಿನಿಧಿಕ ಜವವನ್ನು ಇಟ್ಟುಕೊಂಡು ಲೆಕ್ಕ ಮಾಡಿದ್ದನು. ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1860ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಜವಗಳು ಹೇಗೆ ಹರಡಿಕೊಂಡಿರುತ್ತವೆ ಎಂಬುದರ ಸೂತ್ರವನ್ನು ಕೊಟ್ಟನು. ಭೌತವಿಜ್ಞಾನದಲ್ಲಿ ಸಂಖ್ಯಾಶಾಸ್ತ್ರೀಯ ನಿಯಮವೊಂದು ಮೂಲ ನಿಯಮದ ಸ್ಥಾನ ಪಡೆದ ಮೊದಲ ಸಂದರ್ಭಗಳಲ್ಲಿ ಇದೂ ಒಂದು. ಅನಂತರ ಆಸ್ಟ್ರಿಯಾದ ಲುಡ್ವಿಗ್ ಬೋಲ್ಟ್ಸ್‌ಮನ್ ಇದನ್ನು ವಿಸ್ತರಿಸಿ, ಡಿಕ್ಕಿಗಳೇ ಅನಿಲವನ್ನು ಈ ವಿತರಣೆಯತ್ತ ಒಯ್ಯುತ್ತವೆ ಎಂದು 1872ರಲ್ಲಿ ವಾದಿಸಿದನು.

## ವಕ್ರರೇಖೆಯ ಆಕಾರ

ಅಡ್ಡ ಅಕ್ಷದ ಮೇಲೆ ಜವವನ್ನೂ ಲಂಬ ಅಕ್ಷದ ಮೇಲೆ ಆ ಜವದ ಸುತ್ತಲಿನ ಅಣುಗಳ ಪಾಲನ್ನೂ ಗುರುತಿಸಿದರೆ, ಸೊನ್ನೆಯಿಂದ ಏರಿ, ಒಂದು ಶಿಖರವನ್ನು ಮುಟ್ಟಿ, ಬಲಕ್ಕೆ ಉದ್ದನೆಯ ಬಾಲವನ್ನು ಚಾಚುವ ವಕ್ರರೇಖೆ ದೊರೆಯುತ್ತದೆ. ಅದರ ಸೂತ್ರ:

f(v) = 4π (m / 2πkT)^(3/2) · v² · e^(−mv² / 2kT)

ಇಲ್ಲಿ m ಒಂದು ಅಣುವಿನ ದ್ರವ್ಯರಾಶಿ, T ಕೆಲ್ವಿನ್ ಮಾನದ ತಾಪ, k ಬೋಲ್ಟ್ಸ್‌ಮನ್ ಸ್ಥಿರಾಂಕ. ಸೂತ್ರದಲ್ಲಿ v ಇರುವ ಎರಡು ಅಪವರ್ತನಗಳು ಪರಸ್ಪರ ವಿರುದ್ಧ ದಿಕ್ಕಿಗೆ ಎಳೆಯುತ್ತವೆ.

ಘಾತೀಯ ಅಪವರ್ತನವು ಹೆಚ್ಚು ಶಕ್ತಿಯ ಸ್ಥಿತಿಗಳು ವಿರಳ ಎಂಬುದನ್ನು ಹೇಳುತ್ತದೆ. ಅದೊಂದೇ ಇದ್ದಿದ್ದರೆ ನಿಂತ ಅಣುಗಳೇ ಅತ್ಯಂತ ಸಾಮಾನ್ಯವಾಗಬೇಕಿತ್ತು. ವಾಸ್ತವವಾಗಿ, ಒಂದು ನಿರ್ದಿಷ್ಟ ದಿಕ್ಕಿನಲ್ಲಿರುವ ವೇಗದ ಘಟಕವನ್ನು ಮಾತ್ರ ಗಮನಿಸಿದರೆ ಅದರ ಅತಿಸಂಭವನೀಯ ಬೆಲೆ ಸೊನ್ನೆಯೇ. ಆದರೆ ಜವವನ್ನು ಎಣಿಸುವಾಗ ಎಲ್ಲ ದಿಕ್ಕುಗಳೂ ಸೇರುತ್ತವೆ. ಪ್ರತಿಯೊಂದು ಅಣುವಿನ ವೇಗವನ್ನು ಒಂದೇ ಬಿಂದುವಿನಿಂದ ಹೊರಟ ಬಾಣವೆಂದು ಭಾವಿಸಿದರೆ, v ಜವವುಳ್ಳ ಅಣುಗಳ ಬಾಣದ ತುದಿಗಳೆಲ್ಲ v ತ್ರಿಜ್ಯದ ಗೋಳದ ಮೇಲ್ಮೈಯಲ್ಲಿರುತ್ತವೆ. ತ್ರಿಜ್ಯ ಇಮ್ಮಡಿಯಾದರೆ ಆ ಮೇಲ್ಮೈ ನಾಲ್ಮಡಿಯಾಗುತ್ತದೆ. ಎಂದರೆ ಆ ಜವದಲ್ಲಿ ಚಲಿಸಲು ಇರುವ ಅವಕಾಶಗಳು ನಾಲ್ಮಡಿಯಾಗುತ್ತವೆ. v² ಅಪವರ್ತನ ಬರುವುದು ಇಲ್ಲಿಂದಲೇ. ಕಡಿಮೆ ಜವದಲ್ಲಿ ಈ ಅಪವರ್ತನ ಮೇಲುಗೈ ಪಡೆದು ವಕ್ರರೇಖೆಯನ್ನು ಏರಿಸುತ್ತದೆ, ಹೆಚ್ಚು ಜವದಲ್ಲಿ ಘಾತೀಯ ಅಪವರ್ತನ ಅದನ್ನು ಇಳಿಸುತ್ತದೆ. ಇವೆರಡೂ ಸರಿದೂಗುವ ಸ್ಥಳವೇ ಶಿಖರ.

ಸರಿಯಾಗಿ ಸೆಕೆಂಡಿಗೆ 400 ಮೀಟರ್ ಜವವುಳ್ಳ ಅಣುಗಳು ಎಷ್ಟು ಎಂದು ಕೇಳುವುದಕ್ಕೆ ಅರ್ಥವಿಲ್ಲ. 400ರಿಂದ 410ರವರೆಗಿನ ವ್ಯಾಪ್ತಿಯಲ್ಲಿ ಎಷ್ಟು ಎಂದು ಕೇಳಬಹುದು. ಉತ್ತರವು ಆ ಎರಡು ಜವಗಳ ನಡುವೆ ವಕ್ರರೇಖೆಯ ಕೆಳಗಿರುವ ವಿಸ್ತೀರ್ಣ. ಒಟ್ಟು ವಿಸ್ತೀರ್ಣ ಯಾವಾಗಲೂ 1.

## ಅತಿಸಂಭವನೀಯ ಜವ ಮತ್ತು ಸರಾಸರಿ ಜವ

ಶಿಖರದ ನೇರ ಕೆಳಗಿರುವ ಜವವೇ ಅತಿಸಂಭವನೀಯ ಜವ. ಎಲ್ಲ ಅಣುಗಳ ಜವಗಳನ್ನು ಕೂಡಿ ಅಣುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಸರಾಸರಿ ಜವ. ಮೋಲಾರ್ ದ್ರವ್ಯರಾಶಿ M, ಅನಿಲ ಸ್ಥಿರಾಂಕ R ಆಗಿದ್ದರೆ,

ಅತಿಸಂಭವನೀಯ ಜವ = √(2RT/M)
ಸರಾಸರಿ ಜವ = √(8RT/πM)

ಯಾವ ಅನಿಲವಾದರೂ, ಯಾವ ತಾಪವಾದರೂ, ಸರಾಸರಿ ಜವವು ಅತಿಸಂಭವನೀಯ ಜವದ ಸುಮಾರು 1.128 ಪಟ್ಟು ಇರುತ್ತದೆ. ಇದಕ್ಕೆ ವಕ್ರರೇಖೆಯ ಅಸಮತೆಯೇ ಕಾರಣ. ಎಡಗಡೆ ಜವ ಸೊನ್ನೆಗಿಂತ ಕೆಳಗಿಳಿಯಲಾರದು. ಬಲಗಡೆ ಅಂತಹ ಗೋಡೆಯಿಲ್ಲ. ಬಾಲದಲ್ಲಿರುವ ಅತಿವೇಗದ ಅಣುಗಳು ಸಂಖ್ಯೆಯಲ್ಲಿ ಕಡಿಮೆಯಾದರೂ ಸರಾಸರಿಯನ್ನು ತಮ್ಮ ಕಡೆಗೆ ಎಳೆಯುತ್ತವೆ, ಶಿಖರದ ಸ್ಥಾನವನ್ನು ಮಾತ್ರ ಅಲುಗಿಸುವುದಿಲ್ಲ. ಅತಿಸಂಭವನೀಯ ಎಂಬ ಹೆಸರಿನಿಂದ ಹೆಚ್ಚಿನ ಅಣುಗಳು ಅದೇ ಜವದಲ್ಲಿರುತ್ತವೆ ಎಂದಾಗಲಿ, ಅರ್ಧ ಅಣುಗಳು ಅದಕ್ಕಿಂತ ಕೆಳಗಿರುತ್ತವೆ ಎಂದಾಗಲಿ ತಿಳಿಯಬಾರದು. ಸುಮಾರು ಶೇಕಡಾ 57ರಷ್ಟು ಅಣುಗಳು ಅತಿಸಂಭವನೀಯ ಜವಕ್ಕಿಂತ ವೇಗವಾಗಿಯೇ ಚಲಿಸುತ್ತವೆ. ಸರಾಸರಿ ಜವವನ್ನು ಮೀರಿದವು ಸುಮಾರು ಶೇಕಡಾ 47.

ಪಠ್ಯಪುಸ್ತಕಗಳಲ್ಲಿ ಬರುವ ಮೂರನೆಯ ಅಳತೆ ವರ್ಗಮಾಧ್ಯ ಮೂಲ ಜವ, √(3RT/M). ಜವಗಳ ವರ್ಗಗಳ ಸರಾಸರಿಯ ವರ್ಗಮೂಲವಾದ ಇದು ಮೂರರಲ್ಲಿ ದೊಡ್ಡದು; ಅಣುಗಳ ಸರಾಸರಿ ಚಲನಶಕ್ತಿಯ ಲೆಕ್ಕಕ್ಕೆ ಬೇಕಾಗುವುದು ಇದೇ.

### ಸಾರಜನಕದ ಉದಾಹರಣೆ

ಗಾಳಿಯ ಮುಖ್ಯ ಘಟಕವಾದ ಸಾರಜನಕವನ್ನು 300 ಕೆಲ್ವಿನ್ ತಾಪದಲ್ಲಿ, ಎಂದರೆ ಸುಮಾರು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪರಿಗಣಿಸಬಹುದು. M = 0.028 ಕಿಲೋಗ್ರಾಂ, R = 8.314. ಆಗ 2RT ಸುಮಾರು 4988, ಅದನ್ನು 0.028ರಿಂದ ಭಾಗಿಸಿದರೆ ಸುಮಾರು 1,78,000. ಅದರ ವರ್ಗಮೂಲ 422. ಅತಿಸಂಭವನೀಯ ಜವ ಸೆಕೆಂಡಿಗೆ 422 ಮೀಟರ್, ಸರಾಸರಿ ಜವ 476 ಮೀಟರ್, ವರ್ಗಮಾಧ್ಯ ಮೂಲ ಜವ 517 ಮೀಟರ್. ಶಿಖರದ ಸುತ್ತಲಿನ 10 ಮೀಟರ್ ಅಗಲದ ಪಟ್ಟಿಯಲ್ಲಿ ಇರುವುದು ನೂರರಲ್ಲಿ ಎರಡೇ ಅಣುಗಳು.

ಈ ಲೆಕ್ಕದಲ್ಲಿ ಎರಡು ತಪ್ಪುಗಳು ಸಾಮಾನ್ಯ. ಮೋಲಾರ್ ದ್ರವ್ಯರಾಶಿಯನ್ನು ಗ್ರಾಂನಲ್ಲಿಯೇ, ಎಂದರೆ 28 ಎಂದು ಬರೆದರೆ ಉತ್ತರ ಸೆಕೆಂಡಿಗೆ ಕೇವಲ 13 ಮೀಟರ್ ಬರುತ್ತದೆ. ತಾಪವನ್ನು ಸೆಲ್ಸಿಯಸ್‌ನಲ್ಲಿ 27 ಎಂದು ಬರೆದರೆ ಸುಮಾರು 127 ಮೀಟರ್ ಬರುತ್ತದೆ. ಇವನ್ನು ಪತ್ತೆಹಚ್ಚಲು ಶಬ್ದದ ಜವ ನೆರವಾಗುತ್ತದೆ. ಅನಿಲದಲ್ಲಿ ಶಬ್ದವನ್ನು ಮುಂದಕ್ಕೆ ಸಾಗಿಸುವುದು ಅಣುಗಳ ಚಲನೆಯೇ ಆದ್ದರಿಂದ, ಶಬ್ದದ ಜವ ಅಣುಗಳ ಸರಾಸರಿ ಜವಕ್ಕಿಂತ ಹೆಚ್ಚಾಗಿರುವುದಿಲ್ಲ. 300 ಕೆಲ್ವಿನ್‌ನ ಸಾರಜನಕದಲ್ಲಿ ಅದು ಸೆಕೆಂಡಿಗೆ ಸುಮಾರು 353 ಮೀಟರ್. ಅದಕ್ಕಿಂತ ಬಹಳ ಕಡಿಮೆಯ ಉತ್ತರ ಬಂದರೆ ಮಾನಗಳಲ್ಲಿ ತಪ್ಪಾಗಿದೆ ಎಂದೇ ತಿಳಿಯಬೇಕು.

## ತಾಪದೊಂದಿಗೆ ವಕ್ರರೇಖೆಯ ಬದಲಾವಣೆ

ತಾಪ ಏರಿದಂತೆ ಶಿಖರವು ಬಲಕ್ಕೆ ಸರಿಯುತ್ತದೆ, ತಗ್ಗುತ್ತದೆ, ವಕ್ರರೇಖೆ ಅಗಲವಾಗುತ್ತದೆ. ಜವಗಳು ತಾಪದ ವರ್ಗಮೂಲಕ್ಕೆ ಅನುಪಾತದಲ್ಲಿರುವುದರಿಂದ ಈ ಸರಿತ ನಿಧಾನವಾದುದು. ಸಾರಜನಕದ ಅತಿಸಂಭವನೀಯ ಜವವನ್ನು 422ರಿಂದ 844ಕ್ಕೆ ಇಮ್ಮಡಿಗೊಳಿಸಬೇಕಾದರೆ ತಾಪವನ್ನು 300ರಿಂದ 1200 ಕೆಲ್ವಿನ್‌ಗೆ, ಎಂದರೆ ನಾಲ್ಮಡಿಗೆ, ಏರಿಸಬೇಕು. 27 ಡಿಗ್ರಿ ಸೆಲ್ಸಿಯಸ್‌ನಿಂದ 54 ಡಿಗ್ರಿಗೆ ಏರಿಸುವುದು ತಾಪವನ್ನು ಇಮ್ಮಡಿಗೊಳಿಸಿದಂತಲ್ಲ. ಅದು 300ರಿಂದ 327 ಕೆಲ್ವಿನ್‌ಗೆ ಹೋದಂತೆ ಮಾತ್ರ, ಜವ ಹೆಚ್ಚುವುದು ಶೇಕಡಾ ನಾಲ್ಕೂವರೆಗಿಂತ ಕಡಿಮೆ.

ಶಿಖರ ತಗ್ಗುವುದನ್ನು ಕಂಡು ಅಣುಗಳು ಕಡಿಮೆಯಾದವೆಂದು ಭಾವಿಸುವುದುಂಟು. ಅಣುಗಳ ಸಂಖ್ಯೆ ಅಷ್ಟೇ ಇದೆ, ಅವು ಹೆಚ್ಚು ವಿಶಾಲವಾದ ವ್ಯಾಪ್ತಿಯಲ್ಲಿ ಹರಡಿಕೊಂಡಿವೆ. ವಿಸ್ತೀರ್ಣ 1 ಆಗಿಯೇ ಉಳಿಯಬೇಕಾದ್ದರಿಂದ, ಅಗಲ ಇಮ್ಮಡಿಯಾದಾಗ ಎತ್ತರ ಅರ್ಧಕ್ಕಿಳಿಯುತ್ತದೆ. 1200 ಕೆಲ್ವಿನ್‌ನಲ್ಲಿ ಶಿಖರದ ಸುತ್ತಲಿನ ಅದೇ 10 ಮೀಟರ್ ಪಟ್ಟಿಯಲ್ಲಿ ನೂರಕ್ಕೆ ಒಂದೇ ಅಣು ಸಿಗುತ್ತದೆ. ನಿಧಾನದ ಅಣುಗಳು ಕಡಿಮೆಯಾಗುತ್ತವೆ, ಆದರೆ ಯಾವ ತಾಪದಲ್ಲಿಯೂ ಪೂರ್ತಿಯಾಗಿ ಇಲ್ಲವಾಗುವುದಿಲ್ಲ.

ನಿಜವಾಗಿ ದೊಡ್ಡ ಬದಲಾವಣೆ ನಡೆಯುವುದು ಬಾಲದಲ್ಲಿ. ಸೆಕೆಂಡಿಗೆ 1000 ಮೀಟರ್ ಮೀರಿದ ಸಾರಜನಕದ ಅಣುಗಳು 300 ಕೆಲ್ವಿನ್‌ನಲ್ಲಿ ನೂರಕ್ಕೆ ಸುಮಾರು ಒಂದು. 600 ಕೆಲ್ವಿನ್‌ನಲ್ಲಿ ಅವು ನೂರಕ್ಕೆ ಸುಮಾರು 13. ಸರಾಸರಿ ಜವ ಹೆಚ್ಚಿದ್ದು 1.41 ಪಟ್ಟು ಮಾತ್ರ, ಅತಿವೇಗದ ಅಣುಗಳ ಪಾಲು ಹೆಚ್ಚಿದ್ದು ಹನ್ನೆರಡು ಪಟ್ಟಿಗೂ ಮೇಲೆ. ಗಡಿಯನ್ನು ಇನ್ನಷ್ಟು ಬಲಕ್ಕೆ ಇಟ್ಟರೆ ಈ ಅಂತರ ಇನ್ನೂ ಹಿಗ್ಗುತ್ತದೆ. ಕನಿಷ್ಠ ಶಕ್ತಿಯ ಹೊಸ್ತಿಲನ್ನು ದಾಟಿದ ಅಣುಗಳಷ್ಟೇ ಭಾಗವಹಿಸುವ ರಾಸಾಯನಿಕ ಕ್ರಿಯೆಗಳು ತಾಪದ ಸಣ್ಣ ಏರಿಕೆಗೂ ಬಹಳ ಚುರುಕಾಗುವುದಕ್ಕೆ ಇದು ಮುಖ್ಯ ಕಾರಣ.

ಅಣುವಿನ ದ್ರವ್ಯರಾಶಿಯ ಪರಿಣಾಮ ತಾಪದ್ದಕ್ಕೆ ತದ್ವಿರುದ್ಧ. ಅದೇ 300 ಕೆಲ್ವಿನ್‌ನಲ್ಲಿ ಹಗುರವಾದ ಜಲಜನಕದ ಅಣುಗಳ ಅತಿಸಂಭವನೀಯ ಜವ ಸೆಕೆಂಡಿಗೆ ಸುಮಾರು 1570 ಮೀಟರ್.

## ಪ್ರಾಯೋಗಿಕ ಪರಿಶೀಲನೆ

ಮ್ಯಾಕ್ಸ್‌ವೆಲ್‌ನ ಕಾಲದಲ್ಲಿ ಈ ಸೂತ್ರವನ್ನು ನೇರವಾಗಿ ಪರೀಕ್ಷಿಸುವ ಸಾಧನವಿರಲಿಲ್ಲ. 1920ರಲ್ಲಿ ಒಟ್ಟೋ ಸ್ಟರ್ನ್ ಫ್ರಾಂಕ್‌ಫರ್ಟ್‌ನಲ್ಲಿ, ಕಾಯಿಸಿದ ಬೆಳ್ಳಿಯಿಂದ ಹೊರಟ ಪರಮಾಣುಗಳ ಧಾರೆಯನ್ನು ತಿರುಗುವ ಉಪಕರಣದೊಳಗೆ ಹಾಯಿಸಿ ಅವುಗಳ ಜವವನ್ನು ಅಳೆದನು. ಉಪಕರಣ ತಿರುಗುತ್ತಿರುವಾಗ ನಿಧಾನದ ಪರಮಾಣುಗಳು ಫಲಕದ ಮೇಲೆ ಹೆಚ್ಚು ಹಿಂದೆ ಬೀಳುತ್ತವೆ. ಬೆಳ್ಳಿಯ ಲೇಪನ ಎಷ್ಟು ಸರಿದಿದೆ ಎಂಬುದರಿಂದ ಜವ ತಿಳಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಆಲ್ಬರ್ಟ್ ಐನ್‌ಸ್ಟೈನ್ ಅದನ್ನು ಸ್ಟರ್ನ್‌ನ ಗಮನಕ್ಕೆ ತಂದನು. ಸಣ್ಣ ರಂಧ್ರದಿಂದ ಹೊರಬರುವ ಧಾರೆಯಲ್ಲಿ ಜವಗಳ ವಿತರಣೆ ಒಳಗಿನ ಅನಿಲದ್ದರಂತೆ ಇರುವುದಿಲ್ಲ. ವೇಗದ ಪರಮಾಣುಗಳು ಒಂದೇ ಅವಧಿಯಲ್ಲಿ ಹೆಚ್ಚು ಬಾರಿ ರಂಧ್ರವನ್ನು ತಲಪುವುದರಿಂದ ಧಾರೆಯಲ್ಲಿ ಅವುಗಳ ಪಾಲು ಹೆಚ್ಚು. ಆದ್ದರಿಂದ ಧಾರೆಯ ಸೂತ್ರದಲ್ಲಿ v² ಇರುವ ಕಡೆ v³ ಬರುತ್ತದೆ, ಅದರ ಶಿಖರ √(2RT/M) ಬದಲು √(3RT/M) ಎಂಬಲ್ಲಿ ನಿಲ್ಲುತ್ತದೆ. ಈ ತಿದ್ದುಪಡಿಯನ್ನು ಮರೆತರೆ ಸರಿಯಾದ ಅಳತೆಯೂ ಸೂತ್ರಕ್ಕೆ ಹೊಂದದಂತೆ ತೋರುತ್ತದೆ.

ಹೆಚ್ಚು ನಿಖರವಾದ ಪರಿಶೀಲನೆ 1955ರಲ್ಲಿ ಆರ್. ಸಿ. ಮಿಲ್ಲರ್ ಮತ್ತು ಪಾಲಿಕಾರ್ಪ್ ಕುಶ್ ಅವರಿಂದ ನಡೆಯಿತು. ಅವರು ಪೊಟ್ಯಾಸಿಯಂ ಮತ್ತು ಥ್ಯಾಲಿಯಂ ಆವಿಯ ಧಾರೆಯನ್ನು ಸುರುಳಿಯಾಕಾರದ ತೋಡುಗಳಿದ್ದ, ತಿರುಗುವ ಉರುಳೆಯ ಮೂಲಕ ಹಾಯಿಸಿದರು. ಉರುಳೆ ತಿರುಗುವ ಪ್ರಮಾಣಕ್ಕೆ ಸರಿಹೊಂದುವ ಜವದ ಪರಮಾಣುಗಳು ಮಾತ್ರ ತೋಡಿನ ಗೋಡೆಗೆ ತಗಲದೆ ಹೊರಬಂದು ಶೋಧಕವನ್ನು ಸೇರುತ್ತಿದ್ದವು. ಉರುಳೆಯ ಗತಿಯನ್ನು ಬದಲಿಸುತ್ತಾ ಹೋದಂತೆ ವಕ್ರರೇಖೆ ಬಿಂದು ಬಿಂದುವಾಗಿ ದೊರೆತು, ಧಾರೆಯ ಸೂತ್ರದೊಂದಿಗೆ ಚೆನ್ನಾಗಿ ಹೊಂದಿಕೊಂಡಿತು.

## ಅನ್ವಯದ ಮಿತಿ

ಸೂತ್ರವು ಉಷ್ಣ ಸಮತೋಲನದಲ್ಲಿರುವ, ಒಂದೇ ಬಗೆಯ ಅಣುಗಳುಳ್ಳ ವಿರಳ ಅನಿಲಕ್ಕೆ ಅನ್ವಯಿಸುತ್ತದೆ. ಮಿಶ್ರಣದಲ್ಲಿ ಪ್ರತಿಯೊಂದು ಅನಿಲಕ್ಕೂ ಅದರದೇ ದ್ರವ್ಯರಾಶಿಯ ಪ್ರತ್ಯೇಕ ವಕ್ರರೇಖೆ ಇರುತ್ತದೆ. ಸ್ಫೋಟದ ಆಘಾತ ತರಂಗದೊಳಗೆ ಡಿಕ್ಕಿಗಳು ಸಮತೋಲನ ತರುವಷ್ಟು ಸಮಯವಿರದ ಕಾರಣ ಅಲ್ಲಿ ಇದು ನಿಲ್ಲುವುದಿಲ್ಲ. ಅತಿ ಕಡಿಮೆ ತಾಪದಲ್ಲಿ ಅನಿಲ ಸಾಂದ್ರವಾಗಿದ್ದರೆ ಕ್ವಾಂಟಂ ನಿಯಮಗಳು, ಜವವು ಬೆಳಕಿನ ವೇಗಕ್ಕೆ ಸಮೀಪಿಸಿದರೆ ಸಾಪೇಕ್ಷತಾ ನಿಯಮಗಳು ಇದರ ಸ್ಥಾನವನ್ನು ಪಡೆಯುತ್ತವೆ.