ಔದಾಸೀನ್ಯ ರೇಖೆ ಮತ್ತು ಬಜೆಟ್ ರೇಖೆ

ಎರಡು ಸರಕುಗಳಲ್ಲಿ ಯಾವುದನ್ನು ಎಷ್ಟು ಕೊಳ್ಳಬೇಕೆಂದು ಬಳಕೆದಾರರು ಹೇಗೆ ತೀರ್ಮಾನಿಸುತ್ತಾರೆ ಎಂಬುದನ್ನು ಚಿತ್ರದಲ್ಲಿ ತೋರಿಸಲು ಅರ್ಥಶಾಸ್ತ್ರದಲ್ಲಿ ಬಳಸುವ ಎರಡು ಗೆರೆಗಳು. ಬಜೆಟ್ ರೇಖೆ ಕೈಯಲ್ಲಿರುವ ಹಣಕ್ಕೆ ಏನೇನು ದಕ್ಕುತ್ತದೆಂದು ಹೇಳುತ್ತದೆ. ಔದಾಸೀನ್ಯ ರೇಖೆ ಮನಸ್ಸಿನ ಒಲವನ್ನು ಹೇಳುತ್ತದೆ: ಒಂದೇ ರೇಖೆಯ ಮೇಲಿನ ಯಾವ ಜೋಡಿ ಸಿಕ್ಕಿದರೂ ಬಳಕೆದಾರರಿಗೆ ಸಮಾಧಾನ ಅಷ್ಟೇ. ಕನ್ನಡದಲ್ಲಿ ಔದಾಸೀನ್ಯ ಎಂದರೆ ಅಸಡ್ಡೆ ಎಂಬ ಅರ್ಥವೇ ಮೊದಲು ಹೊಳೆಯುವುದರಿಂದ ಪಾರಿಭಾಷಿಕ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಇಲ್ಲಿ ಅದು ‘ಇದಾದರೂ ಸರಿ, ಅದಾದರೂ ಸರಿ’ ಎನ್ನುವ ಮನಸ್ಥಿತಿ ಮಾತ್ರ.

ಈ ರೇಖೆಯನ್ನು ಅರ್ಥಶಾಸ್ತ್ರಕ್ಕೆ ತಂದವರು ಬ್ರಿಟನ್ನಿನ ಫ್ರಾನ್ಸಿಸ್ ಎಡ್ಜ್‌ವರ್ತ್. 1881ರ ‘ಮ್ಯಾಥಮ್ಯಾಟಿಕಲ್ ಸೈಕಿಕ್ಸ್’ ಪುಸ್ತಕದಲ್ಲಿ ಅವರು ಎದುರಿಗಿಟ್ಟುಕೊಂಡದ್ದು ಅಂಗಡಿಗೆ ಹೋದ ಗಿರಾಕಿಯನ್ನಲ್ಲ, ಕೂಲಿಯ ಚೌಕಾಶಿಗೆ ಕೂತ ರಾಬಿನ್ಸನ್ ಕ್ರೂಸೋ ಮತ್ತು ಫ್ರೈಡೇ ಅವರನ್ನು. ತುಷ್ಟಿಗುಣವನ್ನು ಅಳೆಯಬಹುದು ಎಂದೇ ಎಡ್ಜ್‌ವರ್ತ್ ನಂಬಿದ್ದರು. ಆ ಅಳತೆಯಿಂದ ಹುಟ್ಟಿದ್ದು ಅವರ ರೇಖೆ. ಬಜೆಟ್ ರೇಖೆಯೊಡನೆ ಅದನ್ನು ಕೂಡಿಸಿ ಇಂದಿನ ಪಠ್ಯಪುಸ್ತಕದ ಚಿತ್ರಕ್ಕೆ ಹತ್ತಿರವಾದದ್ದನ್ನು ಬರೆದವರು ಅಮೆರಿಕದ ಇರ್ವಿಂಗ್ ಫಿಶರ್, 1892ರ ತಮ್ಮ ಪ್ರಬಂಧದಲ್ಲಿ.

ದೊಡ್ಡ ತಿರುವು ಬಂದದ್ದು ವಿಲ್ಫ್ರೆಡೊ ಪರೇಟೊ ಅವರಿಂದ. 1906ರಲ್ಲಿ ಇಟಾಲಿಯನ್ ಭಾಷೆಯಲ್ಲಿ ಪ್ರಕಟವಾದ ಅವರ ಕೈಪಿಡಿ ವಾದವನ್ನು ತಲೆಕೆಳಗು ಮಾಡಿತು. ತುಷ್ಟಿಯಿಂದ ರೇಖೆಗೆ ಬರುವ ಬದಲು ರೇಖೆಯಿಂದಲೇ ಹೊರಡೋಣ. ಈ ಜೋಡಿ ಆ ಜೋಡಿಗಿಂತ ಮೇಲೋ, ಕೆಳಗೋ, ಸಮವೋ ಎಂದಷ್ಟೇ ತಿಳಿದರೆ ಸಾಕು, ಎಷ್ಟು ಪಾಲು ಮೇಲು ಎಂಬುದು ಬೇಕಿಲ್ಲ ಎಂಬುದು ಅವರ ನಿಲುವು. ಪರೇಟೊ ಅದನ್ನು ಕೊನೆಯತನಕ ಪಾಲಿಸಲಿಲ್ಲ, ಹಳೆಯ ಅಳತೆಯ ಮಾತು ಅವರ ಬರಹದಲ್ಲಿ ಮತ್ತೆ ಮತ್ತೆ ಇಣುಕುತ್ತದೆ. ಆ ಕೆಲಸವನ್ನು ಪೂರೈಸಿದ್ದು 1934ರಲ್ಲಿ ಲಂಡನ್ನಿನ ‘ಇಕನಾಮಿಕಾ’ ಪತ್ರಿಕೆಯಲ್ಲಿ ಎರಡು ಕಂತುಗಳಾಗಿ ಬಂದ ಜಾನ್ ಹಿಕ್ಸ್ ಮತ್ತು ರಾಯ್ ಆ್ಯಲೆನ್ ಅವರ ಲೇಖನ. ಸೀಮಾಂತ ತುಷ್ಟಿಗುಣದ ಜಾಗದಲ್ಲಿ ಅವರು ಸೀಮಾಂತ ಬದಲಿ ದರವನ್ನು ಕೂರಿಸಿದರು. ಒಂದು ಸರಕು ಇನ್ನೊಂದು ಕಿಲೋ ಸಿಗುವುದಾದರೆ ಮತ್ತೊಂದನ್ನು ಎಷ್ಟು ಬಿಟ್ಟುಕೊಡಲು ಮನಸ್ಸು ಒಪ್ಪುತ್ತದೆ ಎಂಬುದೇ ಆ ದರ.

ಲೆಕ್ಕ ಹಾಕಿ ನೋಡಿದರೆ ಇದು ತಿಳಿಯಾಗುತ್ತದೆ. ಒಂದು ಮನೆಯವರು ತಿಂಗಳಿಗೆ 600 ರೂಪಾಯಿಯನ್ನು ಹಣ್ಣಿಗೆಂದು ಎತ್ತಿಡುತ್ತಾರೆ. ಮಾವು ಕಿಲೋಗೆ 60 ರೂಪಾಯಿ, ಬಾಳೆ 30. ಬರೀ ಮಾವು ಕೊಂಡರೆ 10 ಕಿಲೋ, ಬರೀ ಬಾಳೆಯಾದರೆ 20 ಕಿಲೋ. ಈ ಎರಡು ಬಿಂದುಗಳನ್ನು ಸೇರಿಸುವ ನೇರ ಗೆರೆಯೇ ಬಜೆಟ್ ರೇಖೆ. ಒಂದು ಕಿಲೋ ಮಾವು ಬಿಟ್ಟರೆ ಸಂತೆಯಲ್ಲಿ ಎರಡು ಕಿಲೋ ಬಾಳೆ ಸಿಗುತ್ತದೆ ಎಂಬುದನ್ನು ಅದರ ಇಳಿಜಾರು ಹೇಳುತ್ತದೆ. ಒಲವನ್ನು ಸರಳವಾಗಿ ಹೀಗೆ ಊಹಿಸೋಣ: ಎರಡು ಹಣ್ಣುಗಳ ಕಿಲೋಗಳನ್ನು ಗುಣಿಸಿದಾಗ ಒಂದೇ ಉತ್ತರ ಬರುವ ಜೋಡಿಗಳೆಲ್ಲ ಈ ಮನೆಗೆ ಸಮಾನ. 5 ಕಿಲೋ ಮಾವು, 10 ಕಿಲೋ ಬಾಳೆ ಇದ್ದರೂ, 10 ಕಿಲೋ ಮಾವು, 5 ಕಿಲೋ ಬಾಳೆ ಇದ್ದರೂ ಒಂದೇ.

ಮನೆಯವರು 8 ಕಿಲೋ ಮಾವು, 4 ಕಿಲೋ ಬಾಳೆ ತಂದರೆನ್ನಿ. ದುಡ್ಡು ಸರಿಯಾಗಿಯೇ ಖರ್ಚಾಗಿದೆ. ಆದರೆ ಆ ಬಿಂದುವಿನಲ್ಲಿ ಒಂದು ಕಿಲೋ ಮಾವಿಗೆ ಬದಲಾಗಿ ಸುಮಾರು ಅರ್ಧ ಕಿಲೋ ಬಾಳೆ ಸಿಕ್ಕರೂ ಅವರಿಗೆ ನಷ್ಟವಿಲ್ಲ. ಸಂತೆ ಎರಡು ಕಿಲೋ ಕೊಡುತ್ತಿದೆ. ಮನಸ್ಸಿನ ದರಕ್ಕೂ ಪೇಟೆಯ ದರಕ್ಕೂ ಹೀಗೆ ಅಂತರ ಕಂಡರೆ ಆಯ್ಕೆ ಇನ್ನೂ ಸರಿದೂಗಿಲ್ಲ ಎಂದು ತಿಳಿಯಬೇಕು. ಮಾವು ಕಡಿಮೆ ಮಾಡುತ್ತ ಬಂದು 5 ಕಿಲೋ ಮಾವು, 10 ಕಿಲೋ ಬಾಳೆಯಲ್ಲಿ ನಿಂತಾಗ ಎರಡೂ ದರ ಒಂದಾಗುತ್ತವೆ. ಚಿತ್ರದಲ್ಲಿ ಅಲ್ಲಿ ಔದಾಸೀನ್ಯ ರೇಖೆ ಬಜೆಟ್ ರೇಖೆಯನ್ನು ಕತ್ತರಿಸದೆ ಮುಟ್ಟಿ ಸಾಗುತ್ತದೆ.

ಈಗ ಮಾವಿನ ಸುಗ್ಗಿ ಬಂದು ಬೆಲೆ 30ಕ್ಕೆ ಇಳಿಯಿತು. ಬಜೆಟ್ ರೇಖೆ ಬಾಳೆಯ ತುದಿಯಲ್ಲಿ ಅಲುಗದೆ, ಮಾವಿನ ತುದಿಯಲ್ಲಿ 20 ಕಿಲೋವರೆಗೆ ಹೊರಕ್ಕೆ ತಿರುಗುತ್ತದೆ. ಹೊಸ ಆಯ್ಕೆ 10 ಕಿಲೋ ಮಾವು, 10 ಕಿಲೋ ಬಾಳೆ. ಮಾವು 5ರಿಂದ 10ಕ್ಕೆ ಏರಿದ್ದು ಅದು ಅಗ್ಗವಾಯಿತೆಂದೋ, ಬೆಲೆ ಇಳಿದದ್ದರಿಂದ ಮನೆಯ ಕೈ ಸ್ವಲ್ಪ ಸಡಿಲವಾಯಿತೆಂದೋ? ಬೆಲೆ ಇಳಿದಾಗಲೆಲ್ಲ ಈ ಎರಡೂ ಒಟ್ಟಿಗೇ ಆಗುತ್ತವೆ. ಅವನ್ನು ಬೇರ್ಪಡಿಸಿದ್ದೇ ಈ ಚಿತ್ರದ ದೊಡ್ಡ ಸಾಧನೆ. ರಷ್ಯಾ ಸಾಮ್ರಾಜ್ಯದ ಕೀವ್ ನಗರದಲ್ಲಿದ್ದ ಯೂಜೀನ್ ಸ್ಲುಟ್‌ಸ್ಕಿ 1915ರಲ್ಲೇ ದಾರಿ ತೋರಿದ್ದರು. ಹಳೆಯ ಜೋಡಿಯನ್ನು ಹೊಸ ಬೆಲೆಗೆ ಕೊಳ್ಳಲು ಎಷ್ಟು ಬೇಕೋ ಅಷ್ಟನ್ನೇ ಮನೆಯವರ ಕೈಯಲ್ಲಿ ಉಳಿಸಿ ನೋಡಬೇಕು. ಇಲ್ಲಿ ಅದು 450 ರೂಪಾಯಿ. ಅಷ್ಟರಲ್ಲಿ ಅವರು ಕೊಳ್ಳುವುದು ತಲಾ ಏಳೂವರೆ ಕಿಲೋ. ಹಾಗಾಗಿ 5ರಿಂದ ಏಳೂವರೆಗೆ ಏರಿದ್ದು ಬದಲಿ ಪರಿಣಾಮ, ಉಳಿದ ಎರಡೂವರೆ ಕಿಲೋ ಆದಾಯ ಪರಿಣಾಮ.

ಹಿಕ್ಸ್ ಇದನ್ನೇ ಇನ್ನಷ್ಟು ಬಿಗಿ ಮಾಡಿದರು. ಏಳೂವರೆಯನ್ನು ಏಳೂವರೆಯಿಂದ ಗುಣಿಸಿದರೆ 56.25, ಹಳೆಯ 50ಕ್ಕಿಂತ ಹೆಚ್ಚು. ಅಂದರೆ ಸ್ಲುಟ್‌ಸ್ಕಿ ಲೆಕ್ಕದಲ್ಲಿ ಮನೆಯವರು ಮೊದಲಿಗಿಂತ ತುಸು ಸುಖವಾಗಿಯೇ ಉಳಿದರು. ಹಳೆಯ ರೇಖೆಯ ಮೇಲೇ ನಿಲ್ಲಿಸಬೇಕಾದರೆ ಸುಮಾರು 424 ರೂಪಾಯಿ ಸಾಕು, ಆಗ ಮಾವು ಸುಮಾರು 7.07 ಕಿಲೋ. ಬೆಲೆಯ ಬದಲಾವಣೆ ಸಣ್ಣದಾದಷ್ಟೂ ಈ ಎರಡು ಲೆಕ್ಕಗಳ ಅಂತರ ಅಳಿಯುತ್ತದೆ. ಸ್ಲುಟ್‌ಸ್ಕಿ ಲೇಖನ ಯುದ್ಧಕಾಲದಲ್ಲಿ, ಅದೂ ಒಂದು ಇಟಾಲಿಯನ್ ಪತ್ರಿಕೆಯಲ್ಲಿ ಬಂದದ್ದರಿಂದ ಸುಮಾರು ಎರಡು ದಶಕ ಯಾರ ಕಣ್ಣಿಗೂ ಬೀಳದಂತಿತ್ತು. ಹಿಕ್ಸ್ ಮತ್ತು ಆ್ಯಲೆನ್ ಅದನ್ನು ನೋಡದೆಯೇ ಅದೇ ಜಾಗ ತಲುಪಿದ್ದರು. ಆಮೇಲೆ ಇಬ್ಬರೂ ಸ್ಲುಟ್‌ಸ್ಕಿಯವರ ಹಿರಿತನವನ್ನು ಒಪ್ಪಿಕೊಂಡರು.

ಹೀಗೆ ಎರಡಾಗಿ ಒಡೆದದ್ದರಿಂದ ಹಳೆಯ ಒಗಟೊಂದು ಬಿಡಿಸಿಕೊಂಡಿತು. ಬಡವರ ಮುಖ್ಯ ಆಹಾರದ ಬೆಲೆ ಏರಿದಾಗ ಅವರು ಅದನ್ನೇ ಹೆಚ್ಚು ಕೊಳ್ಳಬಹುದು ಎಂದು ಆಲ್ಫ್ರೆಡ್ ಮಾರ್ಷಲ್ 1895ರಲ್ಲಿ ರಾಬರ್ಟ್ ಗಿಫನ್ ಹೆಸರಿನಲ್ಲಿ ಬರೆದಿದ್ದರು. ಬದಲಿ ಪರಿಣಾಮ ಅಗ್ಗವಾದ ಸರಕಿನತ್ತಲೇ ತಳ್ಳುತ್ತದೆ, ಆದಾಯ ಪರಿಣಾಮ ಮಾತ್ರ ಎತ್ತ ಬೇಕಾದರೂ ಎಳೆಯಬಲ್ಲದು. ಅದು ಎದುರು ದಿಕ್ಕಿಗೆ ಜೋರಾಗಿ ಎಳೆದಾಗ ಮಾರ್ಷಲ್ ಹೇಳಿದಂತೆ ಆಗುತ್ತದೆ. ರಾಬರ್ಟ್ ಜೆನ್ಸನ್ ಮತ್ತು ನೋಲನ್ ಮಿಲ್ಲರ್ ಚೀನಾದ ಹುನಾನ್ ಪ್ರಾಂತದ ಬಡ ಮನೆಗಳಿಗೆ ಅಕ್ಕಿಯ ಮೇಲೆ ರಿಯಾಯಿತಿ ಕೊಟ್ಟು ನೋಡಿದರು. ಅಕ್ಕಿ ಅಗ್ಗವಾದಾಗ ಆ ಮನೆಗಳಲ್ಲಿ ಅಕ್ಕಿಯ ಬಳಕೆ ಕಡಿಮೆಯಾಯಿತು ಎಂಬ ಅವರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು.

ರೇಖೆಯನ್ನು ನಿಜವಾಗಿ ಬರೆಯುವುದು ಮಾತ್ರ ಕಷ್ಟ. ಮನಶ್ಶಾಸ್ತ್ರಜ್ಞ ಎಲ್. ಎಲ್. ಥರ್ಸ್ಟನ್ 1931ರಲ್ಲಿ ಒಬ್ಬರೇ ವ್ಯಕ್ತಿಯನ್ನು ಕೂರಿಸಿಕೊಂಡು ಟೋಪಿ, ಷೂ, ಕೋಟುಗಳ ಬಗೆಬಗೆಯ ಜೋಡಿಗಳಲ್ಲಿ ಯಾವುದು ಮೇಲೆಂದು ಕೇಳಿ ರೇಖೆ ಎಳೆದರು. ಊಹೆಯ ಟೋಪಿಗೆ ಕೊಟ್ಟ ಉತ್ತರವನ್ನು ಎಷ್ಟು ನಂಬುವುದು ಎಂದು ಆಲನ್ ವಾಲಿಸ್ ಮತ್ತು ಮಿಲ್ಟನ್ ಫ್ರೀಡ್‌ಮನ್ 1942ರಲ್ಲಿ ಆಕ್ಷೇಪಿಸಿದರು. ಇನ್ನೂ ಬುಡಕ್ಕೆ ತಾಗುವ ಪೆಟ್ಟು ಜ್ಯಾಕ್ ಕ್ನೆಚ್ ಅವರ 1989ರ ಪ್ರಯೋಗದ್ದು. ಕಾಫಿ ಮಗ್ ಮತ್ತು ಚಾಕೊಲೇಟ್ ಎರಡನ್ನೂ ಮುಂದಿಟ್ಟು ಆರಿಸಲು ಬಿಟ್ಟಾಗ 56% ಮಂದಿ ಮಗ್ ತೆಗೆದುಕೊಂಡರು. ಮೊದಲೇ ಮಗ್ ಕೊಟ್ಟು, ಬೇಕಾದರೆ ಚಾಕೊಲೇಟಿಗೆ ಬದಲಿಸಿಕೊಳ್ಳಿ ಎಂದಾಗ 89% ಮಂದಿ ಮಗ್ಗನ್ನೇ ಉಳಿಸಿಕೊಂಡರು. ಮೊದಲು ಚಾಕೊಲೇಟ್ ಪಡೆದವರಲ್ಲಿ ಮಗ್‌ಗೆ ಬದಲಿಸಿಕೊಂಡವರು 10% ಮಾತ್ರ. ರೇಖೆಯ ಮೇಲೆ ಯಾವ ಕಡೆಯಿಂದ ನಡೆದರೂ ಒಂದೇ ಎಂದು ಸಿದ್ಧಾಂತ ಹೇಳುತ್ತದೆ. ಈ ಪ್ರಯೋಗದಲ್ಲಿ ಪಾಲ್ಗೊಂಡವರಿಗೆ ಯಾವ ವಸ್ತು ಮೊದಲು ಕೈಗೆ ಬಂತು ಎಂಬುದೇ ರೇಖೆಯ ಆಕಾರವನ್ನು ಬದಲಿಸಿತ್ತು.